ಹಾಳೆಯಿಂದ ಸಹಿಯನ್ನು ಬಿಡಿಸುವ ಬಗೆ

ಕಾಗದದ ಮೇಲೆ ಹಾಕಿದ ಸಹಿಯನ್ನು ಸ್ಕ್ಯಾನ್ ಮಾಡಿದಾಗ ಕಂಪ್ಯೂಟರಿಗೆ ಬರುವುದು ಸಹಿಯೊಂದೇ ಅಲ್ಲ, ಅದರ ಸುತ್ತಲಿನ ಕಾಗದವೂ ಬರುತ್ತದೆ. ಬಿಳಿ ಹಾಳೆಯ ಪತ್ರಕ್ಕೆ ಆ ಚಿತ್ರವನ್ನು ಅಂಟಿಸಿದರೆ ಮೇಲ್ನೋಟಕ್ಕೆ ಏನೂ ತಿಳಿಯುವುದಿಲ್ಲ. ಅದನ್ನೇ ಕೆನೆಬಣ್ಣದ, ಹೂಬಳ್ಳಿಯ ಅಂಚಿನ ಪ್ರಶಸ್ತಿಪತ್ರಕ್ಕೆ ಅಂಟಿಸಿದರೆ ಸಹಿಯ ಸುತ್ತ ಮಾಸಲು ಬಿಳಿಯ ಆಯತವೊಂದು ಎದ್ದು ಕಾಣುತ್ತದೆ. ಸಹಿಗೆಂದು ಎಳೆದ ಗೆರೆ, ಅದರ ಕೆಳಗೆ ಅಚ್ಚಾದ ‘ಮುಖ್ಯೋಪಾಧ್ಯಾಯರು’ ಎಂಬ ಅಕ್ಷರಗಳ ತಲೆಕಟ್ಟು, ಪಕ್ಕದ ಸೀಲಿನ ಅರ್ಧ ಭಾಗ ಎಲ್ಲವೂ ಆ ಆಯತದಡಿ ಮುಚ್ಚಿಹೋಗುತ್ತವೆ. ಪೆನ್ನಿನಿಂದ ಹಾಕಿದ ಸಹಿ ಹೀಗೆ ಯಾವುದನ್ನೂ ಮುಚ್ಚುವುದಿಲ್ಲ. ಶಾಯಿ ಬಿದ್ದ ಕಡೆ ಮಾತ್ರ ಶಾಯಿ ಇರುತ್ತದೆ, ಉಳಿದ ಕಡೆ ಕೆಳಗಿದ್ದದ್ದು ಇದ್ದ ಹಾಗೇ ಕಾಣುತ್ತದೆ. ಚಿತ್ರವೂ ಹಾಗೆ ಕಾಣಬೇಕಾದರೆ ಅದರೊಳಗಿನ ಕಾಗದವನ್ನು ತೆಗೆದು, ಆ ಜಾಗವನ್ನು ಪಾರದರ್ಶಕವಾಗಿಸಿ ಉಳಿಸಬೇಕು.

ಇದಕ್ಕೆ ಎಲ್ಲರೂ ಬಳಸುವ ಕಡತದ ಮಾದರಿ ಪಿಎನ್‌ಜಿ. ಇದು 1996ರಲ್ಲಿ ಬಂದದ್ದು. ಮೊಬೈಲಿನ ಫೋಟೋಗಳು ಸಾಮಾನ್ಯವಾಗಿ ಉಳಿಯುವ ಜೆಪೆಗ್ ಮಾದರಿಯಲ್ಲಿ ಪ್ರತಿ ಪಿಕ್ಸೆಲ್‌ಗೆ ಬಣ್ಣವಷ್ಟೇ ಇರುತ್ತದೆ. ಪಿಎನ್‌ಜಿಯಲ್ಲಿ ಕೆಂಪು, ಹಸಿರು, ನೀಲಿಗಳ ಜೊತೆಗೆ ನಾಲ್ಕನೆಯ ಅಂಕಿಯೊಂದನ್ನು ಇಡಬಹುದು. ಅದಕ್ಕೆ ಆಲ್ಫಾ ಎನ್ನುತ್ತಾರೆ. ಆಲ್ಫಾ 0 ಆದರೆ ಆ ಪಿಕ್ಸೆಲ್ ಕಾಣುವುದೇ ಇಲ್ಲ, 255 ಆದರೆ ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ಇವೆರಡರ ನಡುವೆ ಇನ್ನೂ 254 ಮೆಟ್ಟಿಲುಗಳಿವೆ. ಸಹಿ ಸಹಜವಾಗಿ ಕಾಣುವುದೋ ಕತ್ತರಿಸಿ ಅಂಟಿಸಿದಂತೆ ಕಾಣುವುದೋ ಎಂಬುದು ಈ ನಡುವಿನ ಮೆಟ್ಟಿಲುಗಳಿಂದಲೇ ತೀರ್ಮಾನವಾಗುತ್ತದೆ.

ಒಂದು ಪ್ರೌಢಶಾಲೆಯ ವಾರ್ಷಿಕೋತ್ಸವವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ನೂರಿಪ್ಪತ್ತು ಮಕ್ಕಳಿಗೆ ಪ್ರಶಸ್ತಿಪತ್ರ ಅಚ್ಚಾಗಬೇಕು, ಪ್ರತಿಯೊಂದರಲ್ಲೂ ಮುಖ್ಯೋಪಾಧ್ಯಾಯರ ಸಹಿ ಇರಬೇಕು. ಅವರು ಒಪ್ಪಿ ಒಂದು ಸಲ ಸಹಿ ಹಾಕಿಕೊಟ್ಟರೆ ಸಾಕು.

ಕೆಲಸ ಶುರುವಾಗುವುದು ಪೆನ್ನು, ಹಾಳೆಗಳಿಂದ. ಗೆರೆಯಿಲ್ಲದ, ಹೊಸ ಬಿಳಿ ಹಾಳೆ ಬೇಕು. ನೋಟ್‌ಬುಕ್ಕಿನ ಗೆರೆ ಹಾಳೆಯಾದರೆ ಆ ತಿಳಿನೀಲಿ ಗೆರೆ ಸಹಿಯನ್ನು ದಾಟುವ ಕಡೆಯೆಲ್ಲ ಅಳಿಸುವ ಕೆಲಸ ಕಾದಿರುತ್ತದೆ. ಹಿಂಬದಿಯಲ್ಲಿ ಅಚ್ಚಿರುವ ಹಾಳೆಯೂ ಬೇಡ, ಸ್ಕ್ಯಾನರಿನ ಬೆಳಕಿಗೆ ಆ ಅಕ್ಷರಗಳು ಮಸುಕಾಗಿ ಮೂಡುತ್ತವೆ. ಸಾಮಾನ್ಯ ಬಾಲ್‌ಪೆನ್ನಿನ ಗೆರೆ ನಡುನಡುವೆ ತೆಳುವಾಗಿ ಕಾಗದದ ಬಿಳಿ ಇಣುಕುತ್ತದೆ. 0.7 ಮಿಲಿಮೀಟರಿನ ಕಪ್ಪು ಅಥವಾ ಕಡುನೀಲಿ ಜೆಲ್ ಪೆನ್ನು ಒಂದೇ ಸಮನಾದ ಗೆರೆ ಕೊಡುತ್ತದೆ. ಸಹಿಯನ್ನು ದಿನವೂ ಹಾಕುವ ಗಾತ್ರದಲ್ಲೇ ಹಾಕಬೇಕು. ಚೆನ್ನಾಗಿ ಕಾಣಲೆಂದು ದೊಡ್ಡದಾಗಿ ಹಾಕಿ ಆಮೇಲೆ ಕಿರಿದು ಮಾಡಿದರೆ ಗೆರೆ ಕೂದಲಿನಷ್ಟು ಸಣ್ಣಗಾಗಿ, ಬೇರೆ ಯಾರದೋ ಸಹಿಯಂತೆ ಕಾಣುತ್ತದೆ. ಹಾಳೆಯ ತುಂಬ ಐದಾರು ಸಹಿ ಹಾಕಿಸಿಕೊಂಡು ಅದರಲ್ಲಿ ಒಂದನ್ನು ಆರಿಸುವುದು ಜಾಣತನ. ಮೊದಲನೆಯದು ಬಿಗಿಯಾಗಿರುತ್ತದೆ, ಕೈ ಓಡತೊಡಗಿದ ಮೇಲೆ ಹಾಕಿದ್ದು ನಿಜವಾದ ಸಹಿ.

ಸ್ಕ್ಯಾನರಿನಲ್ಲಿ ಹೊಂದಿಸಬೇಕಾದದ್ದು ಮೂರೇ ಸಂಗತಿ. ಸಾಂದ್ರತೆ 600 ಡಿಪಿಐ ಇರಲಿ, ಅಂದರೆ ಒಂದು ಅಂಗುಲ ಉದ್ದಕ್ಕೆ 600 ಪಿಕ್ಸೆಲ್. ಐದು ಸೆಂಟಿಮೀಟರು ಅಗಲ, ಎರಡು ಸೆಂಟಿಮೀಟರು ಎತ್ತರದ ಸಹಿ ಈ ಸಾಂದ್ರತೆಯಲ್ಲಿ ಸುಮಾರು 1,180 ಪಿಕ್ಸೆಲ್ ಅಗಲ, 470 ಪಿಕ್ಸೆಲ್ ಎತ್ತರ ಬರುತ್ತದೆ. ಅಚ್ಚಿಗೆ ಅದು ಬೇಕಾದಷ್ಟಾಯಿತು. ಎರಡನೆಯದು, ಬಣ್ಣ ಅಥವಾ ಗ್ರೇಸ್ಕೇಲ್ ಆಯ್ದುಕೊಳ್ಳಬೇಕು. ‘ಬ್ಲ್ಯಾಕ್ ಅಂಡ್ ವೈಟ್’ ಅಥವಾ ‘ಟೆಕ್ಸ್ಟ್’ ಎಂಬ ಆಯ್ಕೆ ಕಡತವನ್ನು ಚಿಕ್ಕದಾಗಿಸುತ್ತದೆ ನಿಜ, ಆದರೆ ಪ್ರತಿ ಪಿಕ್ಸೆಲ್ಲನ್ನೂ ಪೂರಾ ಕಪ್ಪು ಇಲ್ಲವೇ ಪೂರಾ ಬಿಳಿ ಮಾಡಿಬಿಡುತ್ತದೆ. ನಡುವಿನ ಛಾಯೆಗಳು ಹೋದ ಮೇಲೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ, ಮುಂದೆ ಏನು ಮಾಡಿದರೂ ಅದು ಮರಳಿ ಬರುವುದಿಲ್ಲ. ಮೂರನೆಯದು, ಪಿಎನ್‌ಜಿ ಅಥವಾ ಟಿಫ್ ಆಗಿ ಉಳಿಸಬೇಕು. ಜೆಪೆಗ್ ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಅಡಕ ಮಾಡುತ್ತದೆ. ಕಪ್ಪು ಗೆರೆಯೂ ಬಿಳಿ ಕಾಗದವೂ ಒಂದೇ ಚೌಕದಲ್ಲಿ ಬಂದಾಗ ಗೆರೆಯ ಸುತ್ತ ಬೂದು ಚುಕ್ಕೆಗಳು ಏಳುತ್ತವೆ. ಕಾಗದವನ್ನು ತೆಗೆದ ಮೇಲೂ ಆ ಚುಕ್ಕೆಗಳು ಸಹಿಯ ಸುತ್ತ ಕೊಳೆಯಂತೆ ಉಳಿಯುತ್ತವೆ.

ಸ್ಕ್ಯಾನರ್ ಇಲ್ಲದೆ ಮೊಬೈಲಿನಲ್ಲಿ ಫೋಟೋ ತೆಗೆದರೂ ಕೆಲಸ ಆಗುತ್ತದೆ, ತೊಡಕು ಮಾತ್ರ ಹೆಚ್ಚು. ಹಾಳೆಯ ಒಂದು ಬದಿ ಕಿಟಕಿಯ ಬೆಳಕಿಗೆ ಹೊಳೆಯುತ್ತದೆ, ಇನ್ನೊಂದು ಬದಿ ಹಿಡಿದವರ ನೆರಳಿಗೆ ಕಂದುತ್ತದೆ. ಕಾಗದದ ‘ಬಿಳಿ’ ಒಂದು ಮೂಲೆಯಲ್ಲಿ 230, ಇನ್ನೊಂದು ಮೂಲೆಯಲ್ಲಿ 160 ಇದ್ದರೆ ಒಂದೇ ಅಳತೆಯಿಂದ ಎರಡನ್ನೂ ತೆಗೆಯಲಾಗದು. ಇದಕ್ಕೊಂದು ಹಳೆಯ ಉಪಾಯವಿದೆ. ಚಿತ್ರ ಸಂಪಾದನೆಯ ತಂತ್ರಾಂಶದಲ್ಲಿ ಅದೇ ಚಿತ್ರದ ಪ್ರತಿಯೊಂದನ್ನು ಮೇಲಿನ ಲೇಯರಾಗಿ ಇಟ್ಟು, ಸಹಿ ಕರಗಿ ನೆರಳು ಮಾತ್ರ ಉಳಿಯುವವರೆಗೆ ಅದನ್ನು ಮಸುಕುಗೊಳಿಸಿ, ಲೇಯರಿನ ಮೋಡನ್ನು `Divide` ಎಂದು ಬದಲಿಸಬೇಕು. ಆಗ ಪ್ರತಿ ಪಿಕ್ಸೆಲ್ಲೂ ಅದರ ಸುತ್ತಲಿನ ಕಾಗದದ ಬೆಳಕಿನಿಂದ ಭಾಗಿಸಲ್ಪಟ್ಟು, ನೆರಳಿದ್ದ ಮೂಲೆಯೂ ಹೊಳೆಯುತ್ತಿದ್ದ ಮೂಲೆಯೂ ಒಂದೇ ಬಿಳಿಗೆ ಬರುತ್ತವೆ. ಮಸುಕಿನ ತ್ರಿಜ್ಯ ಕಡಿಮೆಯಾದರೆ ಸಹಿಯ ಗೆರೆಗಳೂ ಮಾಸುತ್ತವೆ. ಹಾಗಾಗಿ ಗೆರೆಯ ದಪ್ಪಕ್ಕಿಂತ ಹಲವು ಪಟ್ಟು ಹೆಚ್ಚು ಇಡಬೇಕು.

ಇನ್ನು ಕಾಗದವನ್ನು ತೆಗೆಯುವ ಬಗೆ. ಬಹಳ ಜನ ಮಾಡುವುದು ಮಾಯಾದಂಡದಂಥ ಉಪಕರಣದಿಂದ ಬಿಳಿಯ ಮೇಲೆ ಕ್ಲಿಕ್ಕಿಸಿ, ಆಯ್ಕೆಯಾದ ಭಾಗವನ್ನು ಅಳಿಸುವುದು. ಬಿಳಿ ಹಾಳೆಯ ಮೇಲೆ ಇಟ್ಟು ನೋಡಿದರೆ ಫಲಿತಾಂಶ ಚೆನ್ನಾಗಿಯೇ ಕಾಣುತ್ತದೆ. ಕೆನೆಬಣ್ಣದ ಪ್ರಶಸ್ತಿಪತ್ರಕ್ಕೆ ತಂದಾಗ ಗೆರೆಗಳ ಎರಡೂ ಬದಿಗೆ ಬಿಳಿಯ ಸಣ್ಣ ಅಂಚು ಮಿನುಗುತ್ತದೆ. ‘ಉ’ಕಾರದಂಥ ಕುಣಿಕೆಗಳ ಒಳಗಿನ ಬಿಳಿ ಹಾಗೇ ಉಳಿದಿರುತ್ತದೆ, ಏಕೆಂದರೆ ಹೊರಗೆ ಕ್ಲಿಕ್ಕಿಸಿದ ಆಯ್ಕೆ ಮುಚ್ಚಿದ ಕುಣಿಕೆಯೊಳಗೆ ಹೋಗುವುದಿಲ್ಲ.

ಆ ಬಿಳಿ ಅಂಚು ಎಲ್ಲಿಂದ ಬಂತು ಎಂಬುದನ್ನು ಅಂಕಿಗಳಲ್ಲಿ ನೋಡಿದರೆ ಸರಿಯಾದ ದಾರಿ ತಾನಾಗಿ ತಿಳಿಯುತ್ತದೆ. ಸ್ಕ್ಯಾನಿನಲ್ಲಿ ಕಾಗದದ ಬೆಳಕಿನ ಮಟ್ಟ ಅಪ್ಪಟ ಬಿಳಿಯಾದ 255 ಇರುವುದಿಲ್ಲ, 245ರ ಆಸುಪಾಸು ಇರುತ್ತದೆ. ಶಾಯಿಯೂ 0 ಆಗಿರುವುದಿಲ್ಲ, 35 ಎಂದುಕೊಳ್ಳೋಣ. ಗೆರೆಯ ಅಂಚಿನಲ್ಲಿರುವ ಪಿಕ್ಸೆಲ್ಲು ಅರ್ಧ ಶಾಯಿಯ ಮೇಲೆ, ಅರ್ಧ ಕಾಗದದ ಮೇಲೆ ಕುಳಿತಿರುತ್ತದೆ. ಸ್ಕ್ಯಾನರ್ ಎರಡನ್ನೂ ಬೆರೆಸಿ ಅದಕ್ಕೆ 140 ಎಂದು ಬರೆಯುತ್ತದೆ. ಮಾಯಾದಂಡದ ಮುಂದೆ ಎರಡೇ ದಾರಿ: ಈ ಪಿಕ್ಸೆಲ್ಲನ್ನು ಪೂರ್ತಿ ಇಟ್ಟುಕೊಳ್ಳಬೇಕು, ಇಲ್ಲವೇ ಪೂರ್ತಿ ಅಳಿಸಬೇಕು. ಇಟ್ಟುಕೊಂಡರೆ ಅದರೊಳಗೆ ಬೆರೆತ ಕಾಗದವೂ ಜೊತೆಗೆ ಬಂತು, ಅದೇ ಬಿಳಿ ಅಂಚು. ಅಳಿಸಿದರೆ ಗೆರೆ ಸವೆದು ಮೊಂಡಾಯಿತು.

ಸರಿಯಾದ ಪ್ರಶ್ನೆ ಬೇರೆ: ಈ ಪಿಕ್ಸೆಲ್‌ನಲ್ಲಿ ಶಾಯಿಯ ಪಾಲು ಎಷ್ಟು? ಕಾಗದದಿಂದ ಶಾಯಿಯವರೆಗಿನ ದೂರ 245ರಲ್ಲಿ 35 ಕಳೆದು 210. ಈ ಪಿಕ್ಸೆಲ್ಲು ಕಾಗದದಿಂದ ದೂರ ಬಂದಿರುವುದು 245ರಲ್ಲಿ 140 ಕಳೆದು 105. ಅಂದರೆ ಸರಿಯಾಗಿ ಅರ್ಧ. ಹಾಗಾದರೆ ಈ ಪಿಕ್ಸೆಲ್‌ಗೆ ಶಾಯಿಯ ಬಣ್ಣವನ್ನೇ ಕೊಟ್ಟು, ಆಲ್ಫಾವನ್ನು 255ರ ಅರ್ಧವಾದ 128ಕ್ಕೆ ಇಟ್ಟರೆ ಮುಗಿಯಿತು. ಕೆಳಗೆ ಬಿಳಿ ಹಾಳೆಯಿದ್ದರೆ ಬಿಳಿಯೊಡನೆ, ಕೆನೆಬಣ್ಣವಿದ್ದರೆ ಕೆನೆಬಣ್ಣದೊಡನೆ ಅದು ಅರ್ಧ ಬೆರೆಯುತ್ತದೆ. ನಿಜವಾದ ಶಾಯಿ ಕಾಗದದ ಅಂಚಿನಲ್ಲಿ ಕಾಣುವುದೂ ಹೀಗೆಯೇ. ಇಡೀ ಚಿತ್ರದ ಪ್ರತಿ ಪಿಕ್ಸೆಲ್‌ಗೂ ಈ ಲೆಕ್ಕ ಮಾಡಿದರೆ ಕುಣಿಕೆಯ ಒಳಗು ಹೊರಗು ಎಂಬ ಭೇದವೇ ಬರುವುದಿಲ್ಲ.

ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ಈ ಲೆಕ್ಕವನ್ನು ಮಾಡುವ ಆಯ್ಕೆ `Colors` ಮೆನುವಿನಲ್ಲಿದೆ, ಹೆಸರು `Color to Alpha`. ಅದಕ್ಕೆ ಮುಂಚೆ ಒಂದೆರಡು ಸಣ್ಣ ಕೆಲಸಗಳಿವೆ. ಸಹಿ ಓರೆಯಾಗಿದ್ದರೆ ತಿರುಗಿಸಿ ನೇರ ಮಾಡಿ, ಸುತ್ತ ಒಂದಿಷ್ಟು ಖಾಲಿ ಜಾಗ ಬಿಟ್ಟು ಕ್ರಾಪ್ ಮಾಡಬೇಕು. ಆಮೇಲೆ `Colors` ಮೆನುವಿನಲ್ಲೇ `Levels` ತೆರೆದು, ಬಿಳಿಯ ಮಿತಿಯನ್ನು 255ರಿಂದ 235ಕ್ಕೆ ಇಳಿಸಬೇಕು. ಆಗ 235ಕ್ಕಿಂತ ಬೆಳ್ಳಗಿರುವುದೆಲ್ಲ, ಅಂದರೆ ಕಾಗದದ ನಾರು, ಮಾಸಲು, ಸ್ಕ್ಯಾನರಿನ ಗದ್ದಲ ಎಲ್ಲವೂ ಅಪ್ಪಟ ಬಿಳಿಯಾಗುತ್ತದೆ. ಈ ಹೆಜ್ಜೆ ಬಿಟ್ಟರೆ ಕಾಗದ ಪೂರ್ತಿ ಮಾಯವಾಗದೆ, ಕಣ್ಣಿಗೆ ಅಷ್ಟಾಗಿ ಕಾಣದ ತೆಳು ಬೂದು ಪರದೆಯೊಂದು ಉಳಿದುಬಿಡುತ್ತದೆ. ಪರದೆಯ ಮೇಲೆ ಕಾಣದ ಅದು ಲೇಸರ್ ಪ್ರಿಂಟರಿನಲ್ಲಿ ಚುಕ್ಕೆಚುಕ್ಕೆಯ ಆಯತವಾಗಿ ಪ್ರತ್ಯಕ್ಷವಾಗುತ್ತದೆ.

`Color to Alpha` ತೆರೆದಾಗ ತೆಗೆಯಬೇಕಾದ ಬಣ್ಣ ಬಿಳಿ ಎಂದೇ ಇರುತ್ತದೆ. ಅಲ್ಲಿ ಎರಡು ಮಿತಿಗಳನ್ನು ಹೊಂದಿಸಬಹುದು. `Transparency threshold` ಎಂಬುದು ಬಿಳಿಗೆ ಎಷ್ಟು ಹತ್ತಿರವಿದ್ದರೆ ಪೂರ್ತಿ ಮಾಯವಾಗಬೇಕು ಎಂಬುದನ್ನು ಹೇಳುತ್ತದೆ, `Opacity threshold` ಎಷ್ಟು ದೂರವಿದ್ದರೆ ಪೂರ್ತಿ ಗಟ್ಟಿಯಾಗಬೇಕು ಎಂಬುದನ್ನು. ಎರಡನೆಯದನ್ನು ಹಾಗೇ ಬಿಟ್ಟವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಬಿಳಿ ಹಾಳೆಯ ಮೇಲೆ ಸಹಿ ಮೊದಲಿನಷ್ಟೇ ಕಡುವಾಗಿ ಕಾಣುತ್ತದೆ, ಆದರೆ ಕೆಂಪು ಸೀಲಿನ ಮೇಲೆ ಬಂದ ಕಡೆ ಸೀಲು ಶಾಯಿಯೊಳಗಿಂದ ಇಣುಕುತ್ತದೆ. ಸ್ಕ್ಯಾನಿನ ಶಾಯಿ ಅಪ್ಪಟ ಕಪ್ಪಲ್ಲದ ಕಾರಣ ತಂತ್ರಾಂಶ ಅದರೊಳಗೂ ಒಂದಿಷ್ಟು ಬಿಳಿ ಇದೆಯೆಂದು ಲೆಕ್ಕ ಹಾಕಿ ತೆಗೆದಿರುತ್ತದೆ. ಗೆರೆಯ ನಡುಭಾಗ ಗಟ್ಟಿಯಾಗುವವರೆಗೆ ಈ ಮಿತಿಯನ್ನು ತಗ್ಗಿಸಿದರೆ ಸರಿಹೋಗುತ್ತದೆ. ತೀರಾ ತಗ್ಗಿಸಿದರೆ ಅಂಚುಗಳೂ ಗಟ್ಟಿಯಾಗಿ ಸಹಿ ದಪ್ಪಗಾಗುತ್ತದೆ.

ಫಲಿತಾಂಶವನ್ನು ಬೂದು-ಬಿಳಿ ಚೌಕಳಿಯ ಮೇಲೆ ನೋಡಿ ತೃಪ್ತರಾಗುವುದು ಸರಿಯಲ್ಲ. ಸಹಿಯ ಲೇಯರಿನ ಕೆಳಗೆ ಕಡುಕೆಂಪು ತುಂಬಿದ ಲೇಯರೊಂದನ್ನು ಇಟ್ಟು, ಎರಡು ಪಟ್ಟು ಹಿಗ್ಗಿಸಿ ನೋಡಬೇಕು. ಬಿಳಿ ಅಂಚು, ಉಳಿದ ಪರದೆ, ಧೂಳಿನ ಚುಕ್ಕೆ ಎಲ್ಲವೂ ಆ ಕೆಂಪಿನ ಮೇಲೆ ಒಮ್ಮೆಲೇ ಬಯಲಾಗುತ್ತವೆ. ಧೂಳನ್ನು ರಬ್ಬರ್ ಉಪಕರಣದಿಂದ ಒರೆಸಿ, ಕೆಂಪು ಲೇಯರನ್ನು ತೆಗೆದು, ಸಹಿಗೆ ಅಂಟುವ ಹಾಗೆ ಮತ್ತೊಮ್ಮೆ ಕ್ರಾಪ್ ಮಾಡಿದರೆ ಕತ್ತರಿಸುವ ಕೆಲಸ ಮುಗಿದಂತೆ.

ಕಮಾಂಡ್ ಬರೆಯುವುದಕ್ಕೆ ಅಂಜದವರು ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶದಿಂದ ಇದೇ ಲೆಕ್ಕವನ್ನು ಒಂದೇ ಸಾಲಿನಲ್ಲಿ ಮಾಡಿಸಬಹುದು. ಸಹಿಗಳು ಹತ್ತಾರು ಇದ್ದಾಗ ಇದೇ ಲೇಸು.

```
magick scan.png -colorspace Gray -negate -level 15%,75% \
  -colorspace sRGB -background "#14285a" -alpha Shape \
  -trim +repage sahi.png
```

ಇಲ್ಲಿ ಚಿತ್ರ ಮೊದಲು ಗ್ರೇಸ್ಕೇಲ್ ಆಗಿ, ಬಳಿಕ ತಿರುಗುಮುರುಗಾಗುತ್ತದೆ: ಶಾಯಿ ಬೆಳ್ಳಗೆ, ಕಾಗದ ಕಪ್ಪಗೆ. ಮೇಲಿನ ಅಂಕಿಗಳನ್ನೇ ಇಟ್ಟು ನೋಡಿದರೆ 245ರ ಕಾಗದ ಈಗ ಶೇ. 4 ಆಗುತ್ತದೆ, 35ರ ಶಾಯಿ ಶೇ. 86, ಅಂಚಿನ 140 ಶೇ. 45. `-level` ಎಂಬುದು ಶೇ. 15ಕ್ಕಿಂತ ಕೆಳಗಿನದನ್ನು ಸೊನ್ನೆಗೂ ಶೇ. 75ಕ್ಕಿಂತ ಮೇಲಿನದನ್ನು ನೂರಕ್ಕೂ ಎಳೆಯುತ್ತದೆ. ಅಲ್ಲಿಗೆ ಕಾಗದ ಮಾಯ, ಶಾಯಿ ಗಟ್ಟಿ, ಅಂಚು ಅರ್ಧಂಬರ್ಧ. ಆ ಛಾಯೆಯೇ ಆಲ್ಫಾ ಆಗುತ್ತದೆ, ಬಣ್ಣ ಮಾತ್ರ `#14285a` ಎಂದು ಕೊಟ್ಟ ಕಡುನೀಲಿ. ಕೊನೆಯ ಸಾಲು ಸುತ್ತಲಿನ ಖಾಲಿ ಜಾಗವನ್ನು ಕತ್ತರಿಸುತ್ತದೆ. ಇಡೀ ಸಹಿಗೆ ಒಂದೇ ಬಣ್ಣ ಬರುವುದರಿಂದ ಶಾಯಿಯ ಸಹಜ ಏರಿಳಿತ ಕಳೆದುಹೋಗುತ್ತದೆಂಬುದು ಈ ದಾರಿಯ ಕೊರತೆ. ಪ್ರಶಸ್ತಿಪತ್ರದಲ್ಲಿ ಅದನ್ನು ಯಾರೂ ಗುರುತಿಸಲಾರರು.

ಉಳಿಸುವಾಗ ಗಿಂಪ್‌ನ `Save` ಕೊಡುವುದು ಅದರದೇ ಎಕ್ಸ್‌ಸಿಎಫ್ ಕಡತ. ಮುಂದೆ ತಿದ್ದುವುದಕ್ಕೆ ಅದೊಂದು ಇರಲಿ. ಪಿಎನ್‌ಜಿ ಬೇಕಾದರೆ `Export As` ಆಯ್ದುಕೊಳ್ಳಬೇಕು. ಆಗ ತೆರೆಯುವ ಪಟ್ಟಿಯಲ್ಲಿ ಎರಡನ್ನು ಗಮನಿಸಿದರೆ ಸಾಕು. ರೆಸಲ್ಯೂಶನ್ ಉಳಿಸುವ ಆಯ್ಕೆಗೆ ಗುರುತು ಇರಬೇಕು. ಆಗ ಕಡತದೊಳಗೆ ‘ಒಂದು ಮೀಟರಿಗೆ 23,622 ಪಿಕ್ಸೆಲ್’ ಎಂದು ಬರೆದುಕೊಳ್ಳುತ್ತದೆ, 600 ಡಿಪಿಐ ಎಂಬುದಕ್ಕೆ ಪಿಎನ್‌ಜಿಯ ಲೆಕ್ಕ ಅದು. ಇದನ್ನು ಓದಿದ ವರ್ಡ್ ಅಥವಾ ರೈಟರ್ ಚಿತ್ರವನ್ನು ಪುಟದ ತುಂಬ ಹರಡದೆ, ಕಾಗದದಲ್ಲಿದ್ದ ಐದು ಸೆಂಟಿಮೀಟರಿಗೇ ಇಡುತ್ತದೆ. ಪಾರದರ್ಶಕ ಪಿಕ್ಸೆಲ್‌ಗಳ ಬಣ್ಣವನ್ನು ಉಳಿಸುವ ಆಯ್ಕೆಗೆ ಗುರುತು ಇರಬಾರದು. ಇದ್ದರೆ ರಬ್ಬರಿನಿಂದ ಅಳಿಸಿದ ಪಕ್ಕದ ಬರಹ ಕಣ್ಣಿಗೆ ಕಾಣದಿದ್ದರೂ ಕಡತದೊಳಗೆ ಉಳಿದಿರುತ್ತದೆ, ಆಲ್ಫಾವನ್ನು ತೆಗೆದವರಿಗೆ ಮತ್ತೆ ಕಾಣುತ್ತದೆ.

ಸಹಿಯನ್ನು ಒಂದೇ ಪತ್ರಕ್ಕೆ ಒತ್ತುವುದಾದರೆ ವರ್ಡ್ ಅಥವಾ ಲಿಬ್ರೆಆಫೀಸ್ ರೈಟರ್‌ನಲ್ಲಿ ಚಿತ್ರವನ್ನು ಸೇರಿಸಿ, ಅಕ್ಷರಗಳು ಚಿತ್ರಕ್ಕೆ ದಾರಿಬಿಟ್ಟು ಸರಿಯದಂತೆ ಮಾಡಬೇಕು. ವರ್ಡ್‌ನಲ್ಲಿ ಆ ಆಯ್ಕೆಯ ಹೆಸರು `In Front of Text`, ರೈಟರ್‌ನಲ್ಲಿ `Wrap` ಪಟ್ಟಿಯ `Through`. ಸಹಿಯ ಅಡಿಭಾಗ ಗೆರೆಯನ್ನು ಕೊಂಚ ದಾಟಿ ಕೆಳಗಿಳಿದರೆ ಕೈಯಿಂದ ಹಾಕಿದ್ದೆಂಬಂತೆ ಕಾಣುತ್ತದೆ. ಗೆರೆಯ ಮೇಲೆ ತೂಗಿಟ್ಟಂತೆ ನಿಲ್ಲಿಸಿದರೆ ಕೃತಕ. ಗಾತ್ರ ಬದಲಿಸುವಾಗ ಮೂಲೆಯನ್ನು ಹಿಡಿದೇ ಎಳೆಯಬೇಕು. ಬದಿಯನ್ನು ಹಿಡಿದು ಎಳೆದ ಸಹಿ ಹಿಗ್ಗಿ, ನೋಡಿದವರಿಗೆ ಏನೋ ಸರಿಯಿಲ್ಲವೆಂದು ತಟ್ಟನೆ ಹೊಳೆಯುತ್ತದೆ.

ನೂರಿಪ್ಪತ್ತು ಪ್ರಶಸ್ತಿಪತ್ರಗಳ ಮಾತು ಬೇರೆ. ಡಿಟಿಪಿಯವರು ಹೆಸರುಗಳನ್ನೆಲ್ಲ ತುಂಬಿಸಿ ನೂರಿಪ್ಪತ್ತು ಪುಟಗಳ ಒಂದೇ ಪಿಡಿಎಫ್ ಕೊಟ್ಟಿರುತ್ತಾರೆ. ಪ್ರಶಸ್ತಿಪತ್ರದಷ್ಟೇ ಅಳತೆಯ ಖಾಲಿ ಪುಟವನ್ನು ರೈಟರ್‌ನಲ್ಲಿ ತೆರೆದು, ಸಹಿ ಎಲ್ಲಿ ಬರಬೇಕೋ ಅಲ್ಲಿ ಚಿತ್ರವನ್ನು ಇಟ್ಟು, ಆ ಪುಟವೊಂದನ್ನೇ ಪಿಡಿಎಫ್ ಆಗಿ ಹೊರತೆಗೆಯಬೇಕು. ಹೊರತೆಗೆಯುವಾಗ ಚಿತ್ರದ ಅಡಕಕ್ಕೆ `Lossless compression` ಆಯ್ದುಕೊಂಡರೆ ಜೆಪೆಗ್‌ನ ಬೂದು ಚುಕ್ಕೆಗಳು ಹಿಂಬಾಗಿಲಿನಿಂದ ಬರುವುದಿಲ್ಲ. ಆಮೇಲೆ ಕ್ಯೂಪಿಡಿಎಫ್ ಎಂಬ ಉಚಿತ ಸಾಧನದಿಂದ ಆ ಪುಟವನ್ನು ಎಲ್ಲ ಪುಟಗಳ ಮೇಲೂ ಒತ್ತಿಸಬಹುದು.

```
qpdf prashasti.pdf --overlay sahi.pdf --repeat=1 -- siddha.pdf
```

`--repeat=1` ಎಂದರೆ ಸಹಿಯ ಮೊದಲ ಪುಟವನ್ನೇ ಮತ್ತೆ ಮತ್ತೆ ಬಳಸು ಎಂದು. ಪ್ರಶಸ್ತಿಪತ್ರ ಅಡ್ಡಲಾಗಿದ್ದು ಸಹಿಯ ಪುಟ ಉದ್ದಕ್ಕಿದ್ದರೆ ಸಹಿ ಎಲ್ಲೋ ಹೋಗಿ ಕೂರುತ್ತದೆ. ಅಚ್ಚಿಗೆ ಕೊಡುವ ಮೊದಲು ಮೊದಲ ಪುಟವನ್ನೂ ಕೊನೆಯ ಪುಟವನ್ನೂ ತೆರೆದು ನೋಡುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿದ ಮೇಲೂ ಬಿಳಿ ಆಯತ ಮರಳಿ ಬರುವುದುಂಟು. ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ವಾಟ್ಸ್ಆಪ್. ಪಿಎನ್‌ಜಿಯನ್ನು ಅದರಲ್ಲಿ ಫೋಟೋ ಆಗಿ ಕಳಿಸಿದರೆ ಅದು ಜೆಪೆಗ್ ಆಗಿ ತಲುಪುತ್ತದೆ, ಪಾರದರ್ಶಕತೆ ದಾರಿಯಲ್ಲೇ ಕಳೆದುಹೋಗಿರುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಕಡತ ಇದ್ದ ಹಾಗೇ ಹೋಗುತ್ತದೆ. ಎರಡನೆಯ ಕಾರಣ ಅಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ದಾಖಲೆಗಳನ್ನು ದೀರ್ಘಕಾಲ ಕಾಪಿಡುವುದಕ್ಕೆಂದು ಇರುವ ಪಿಡಿಎಫ್/ಎ-1 ಎಂಬ ಮಾದರಿಯಲ್ಲಿ ಪಾರದರ್ಶಕತೆಗೆ ಅವಕಾಶವೇ ಇಲ್ಲ. ಆ ಮಾದರಿಯಲ್ಲಿ ಹೊರತೆಗೆದರೆ ಪಾರದರ್ಶಕ ಜಾಗಗಳಿಗೆ ತಂತ್ರಾಂಶವೇ ಏನಾದರೊಂದು ಬಣ್ಣ ತುಂಬಬೇಕಾಗುತ್ತದೆ. ಪಿಡಿಎಫ್/ಎ-2ರಲ್ಲಿ ಈ ನಿರ್ಬಂಧವಿಲ್ಲ.

ಇದಕ್ಕೆ ವಿರುದ್ಧವಾದ ಗಾಬರಿಯೂ ಒಂದಿದೆ. ಡಾರ್ಕ್ ಮೋಡಿನಲ್ಲಿರುವ ಮೊಬೈಲಿನಲ್ಲಿ ಕಪ್ಪು ಸಹಿಯ ಪಿಎನ್‌ಜಿ ತೆರೆದರೆ ಕಪ್ಪು ಪರದೆಯ ಹೊರತು ಏನೂ ಕಾಣುವುದಿಲ್ಲ. ಕಡತ ಹಾಳಾಗಿಲ್ಲ, ಕಪ್ಪಿನ ಮೇಲೆ ಕಪ್ಪು ಕೂತಿದೆ ಅಷ್ಟೆ. ಅಂತರ್ಜಾಲದಿಂದ ಇಳಿಸಿಕೊಂಡ ಕೆಲವು ‘ಪಾರದರ್ಶಕ’ ಚಿತ್ರಗಳಲ್ಲಿ ಬೂದು-ಬಿಳಿ ಚೌಕಳಿಯೇ ಚಿತ್ರವಾಗಿ ಬರೆದಿರುತ್ತದೆ, ಅದನ್ನು ಪುಟಕ್ಕೆ ತಂದಾಗ ಚೌಕಳಿಯೂ ಅಚ್ಚಾಗುತ್ತದೆ.

ಉದ್ಯೋಗ, ಪರೀಕ್ಷೆಗಳ ಅರ್ಜಿ ಹಾಕುವವರು ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ಅಲ್ಲಿ ಕೇಳುವುದು ಪಾರದರ್ಶಕ ಸಹಿಯನ್ನಲ್ಲ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಗಳಲ್ಲಿ ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಹಾಕಿದ ಸಹಿಯ ಜೆಪೆಗ್ ಬೇಕು. ಅಳತೆ 140 ಅಗಲ, 60 ಎತ್ತರದ ಪಿಕ್ಸೆಲ್, ತೂಕ 10ರಿಂದ 20 ಕೆಬಿ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದ ಸಹಿ ನಡೆಯದು. ಕಷ್ಟಪಟ್ಟು ಮಾಡಿದ ಪಾರದರ್ಶಕ ಪಿಎನ್‌ಜಿಯನ್ನು ಅವಸರದಲ್ಲಿ ಜೆಪೆಗ್‌ಗೆ ಬದಲಿಸಿದರೆ ಖಾಲಿ ಜಾಗ ಒಮ್ಮೊಮ್ಮೆ ಪೂರಾ ಕಪ್ಪಾಗಿ ಬರುತ್ತದೆ. ಅರ್ಜಿಗಳಿಗೆ ಮೂಲ ಸ್ಕ್ಯಾನನ್ನೇ ಕ್ರಾಪ್ ಮಾಡಿ ಕಿರಿದುಗೊಳಿಸುವುದು ಲೇಸು.

ಪಾರದರ್ಶಕ ಸಹಿಯ ನಿಜವಾದ ತೊಂದರೆ ಕಾಣುವುದರಲ್ಲಿಲ್ಲ, ಕದಿಯುವುದು ಸಲೀಸು ಎಂಬುದರಲ್ಲಿದೆ. ಪಿಡಿಎಫ್‌ನೊಳಗೆ ಸಹಿಯ ಬಣ್ಣ ಒಂದು ಚಿತ್ರವಾಗಿ, ಆಲ್ಫಾ ಇನ್ನೊಂದು ಚಿತ್ರವಾಗಿ ಬೇರೆಬೇರೆ ಕುಳಿತಿರುತ್ತವೆ. `pdfimages -list siddha.pdf` ಎಂದು ಕೇಳಿದರೆ `image`, `smask` ಎಂಬ ಎರಡು ಸಾಲುಗಳಾಗಿ ಅವು ಕಾಣಿಸಿಕೊಳ್ಳುತ್ತವೆ. ಅದೇ ಸಾಧನದಿಂದ ಎರಡನ್ನೂ ಹೊರತೆಗೆದು ಜೋಡಿಸಿದರೆ ಸಹಿ, ಅಂಚಿನ ನಯವೂ ಸೇರಿದಂತೆ, ಬೇರೊಬ್ಬರ ಕೈಯಲ್ಲಿ. ಪುಟವನ್ನು 150 ಅಥವಾ 200 ಡಿಪಿಐ ಚಿತ್ರವಾಗಿ ಪರಿವರ್ತಿಸಿ ಮತ್ತೆ ಪಿಡಿಎಫ್ ಮಾಡಿದರೆ ಸಹಿ ಹಿನ್ನೆಲೆಯೊಡನೆ ಬೆರೆತುಹೋಗಿ, ಬಿಡಿಸುವುದು ಕಷ್ಟವಾಗುತ್ತದೆ. ಆದರೆ ಪುಟದಲ್ಲಿನ ಬರಹವೂ ಚಿತ್ರವಾಗುವುದರಿಂದ ಹುಡುಕಲೂ ನಕಲಿಸಲೂ ಬರುವುದಿಲ್ಲ. ಹಿನ್ನೆಲೆ ಬರೀ ಬಿಳಿಯಾಗಿದ್ದರೆ ಈ ಉಪಾಯವೂ ಹೆಚ್ಚು ಕಾಪಾಡುವುದಿಲ್ಲ. ಈ ಲೇಖನದಲ್ಲಿ ಹೇಳಿದ ವಿಧಾನದಿಂದಲೇ ಅದನ್ನು ಮತ್ತೆ ಬಿಡಿಸಬಹುದು.

ಕಾನೂನಿನ ಕಣ್ಣಿಗೂ ಈ ಚಿತ್ರ ಡಿಜಿಟಲ್ ಸಹಿಯಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 3ನೆಯ ಸೆಕ್ಷನ್ ಹೇಳುವ ಡಿಜಿಟಲ್ ಸಹಿ ಗಣಿತದ ಕೆಲಸ. ದಾಖಲೆಯ ಒಟ್ಟು ಅಕ್ಷರಗಳಿಂದ ಒಂದು ಸಾರಾಂಶ ಅಂಕಿಯನ್ನು ತೆಗೆದು, ಸಹಿ ಹಾಕುವವರ ಗುಪ್ತ ಕೀಲಿಯಿಂದ ಅದಕ್ಕೆ ಬೀಗ ಹಾಕಲಾಗುತ್ತದೆ. ಆಮೇಲೆ ಒಂದಕ್ಷರ ಬದಲಾದರೂ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಆಧಾರ್ ಆಧಾರಿತ ಇ-ಸಹಿ ಕಾನೂನಿನ ಮಾನ್ಯತೆ ಪಡೆದ ಇನ್ನೊಂದು ಬಗೆ. ಪಿಎನ್‌ಜಿ ಒತ್ತಿದ ಪಿಡಿಎಫ್‌ನಲ್ಲಿ ಸಹಿಯ ಮೇಲಿನ ಮೊತ್ತವನ್ನು ಯಾರು ತಿದ್ದಿದರೂ ಸಹಿ ಸುಮ್ಮನೆ ಕೂತಿರುತ್ತದೆ. ಡಿಜಿಟಲ್ ಸಹಿ ಹಾಕುವಾಗ ಅದರ ಚೌಕದಲ್ಲಿ ತೋರಿಸಲು ಈ ಚಿತ್ರವನ್ನು ಬಳಸಬಹುದು, ಆದರೆ ಅಲ್ಲಿ ಬಲ ಇರುವುದು ಕೀಲಿಗೆ. ಇನ್ನೊಬ್ಬರ ಸಹಿಯ ಚಿತ್ರವನ್ನು ಒಪ್ಪಿಗೆಯಿಲ್ಲದೆ ದಾಖಲೆಗೆ ಒತ್ತಿ ಮೋಸ ಮಾಡುವುದು ಕೈಯಿಂದ ಖೋಟಾ ಸಹಿ ಹಾಕಿದಷ್ಟೇ ಅಪರಾಧ.

ಹಾಗಾಗಿ ಪ್ರಶಸ್ತಿಪತ್ರ, ಆಮಂತ್ರಣ, ಸುತ್ತೋಲೆ, ಕಚೇರಿಯೊಳಗಿನ ಪತ್ರಗಳಿಗೆ ಈ ಚಿತ್ರ ಸಾಕು. ಕರಾರು, ಸಾಲ, ಆಸ್ತಿಯ ಕಾಗದಗಳಿಗೆ ಸಲ್ಲದು. ಪ್ರಶಸ್ತಿಪತ್ರಗಳು ಅಚ್ಚಾದ ಮೇಲೆ `sahi.png` ಎಂಬ ಕಡತ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಾಗಲಿ ಶಾಲೆಯ ವಾಟ್ಸ್ಆಪ್ ಗುಂಪಿನಲ್ಲಾಗಲಿ ಉಳಿಯದಂತೆ ಅಳಿಸಿಸಿ, ಮೂಲವನ್ನು ಸಹಿಯ ಒಡೆಯರೇ ಇಟ್ಟುಕೊಳ್ಳಬೇಕು.